ಜಾಹೀರಾತಿನ ರಿಪೋರ್ಟ್ ಹೊರಗೆ ಕಳಿಸುವ ಮುಂಚೆ: ಯಾವ ಅಂಕಿ ಹೋಗಬಹುದು, ಯಾವುದು ಹೋಗಬಾರದು

ಕಲಬುರಗಿಯ ಸೇಡಂ ರಸ್ತೆಯಲ್ಲಿ ಒಂದು ಎಲೆಕ್ಟ್ರಿಕ್ ಸ್ಕೂಟರ್ ಶೋರೂಮ್ ಇದೆ ಅಂದುಕೊಳ್ಳಿ. ದಸರಾದಿಂದ ದೀಪಾವಳಿವರೆಗೆ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ 36,000 ರೂಪಾಯಿಯ ಜಾಹೀರಾತು ಓಡಿಸಿದ್ದಾರೆ. ಜಾಹೀರಾತು ಒತ್ತಿದರೆ ಅಲ್ಲೇ ಒಂದು ಫಾರ್ಮ್ ತೆರೆಯುತ್ತದೆ. ಹೆಸರು, ಮೊಬೈಲ್ ನಂಬರ್, ಯಾವ ತಾಲೂಕು, ಏನು ಕೆಲಸ, ಹಳೆ ಗಾಡಿ ಎಕ್ಸ್‌ಚೇಂಜ್ ಇದೆಯಾ, ಲೋನ್ ಬೇಕಾ ಎಂದು ಕೇಳುತ್ತದೆ. 240 ಜನ ತುಂಬಿದ್ದಾರೆ. ಹೀಗೆ ವಿವರ ಕೊಟ್ಟು ವಿಚಾರಿಸಿದ ಒಬ್ಬೊಬ್ಬರನ್ನೂ ಲೀಡ್ ಅನ್ನುತ್ತಾರೆ.

ಹಬ್ಬ ಮುಗಿದ ಮೇಲೆ ಮೂರು ಕಡೆಯಿಂದ ಒಂದೇ ಮಾತು ಬರುತ್ತದೆ: ರಿಪೋರ್ಟ್ ಕಳಿಸಿ. ಕೇಳುವವರಲ್ಲಿ ಒಬ್ಬರು ಸ್ಕೂಟರ್ ಕಂಪನಿಯ ಏರಿಯಾ ಮ್ಯಾನೇಜರ್. ಜಾಹೀರಾತಿನ ಅರ್ಧ ಖರ್ಚು ಅವರ ಕಂಪನಿ ಕೊಡುತ್ತದೆ. ಇನ್ನೊಬ್ಬರು ಹೈದರಾಬಾದಿನಲ್ಲಿ ಕೂತು ಜಾಹೀರಾತು ನಡೆಸುವ ಏಜೆನ್ಸಿಯವರು. ಮೂರನೆಯವರು ಶೋರೂಮಿನಲ್ಲೇ ಒಂದು ಟೇಬಲ್ ಹಾಕಿಕೊಂಡಿರುವ ಫೈನಾನ್ಸ್ ಹುಡುಗ. ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಇದ್ದ ಒಂದೇ ಎಕ್ಸೆಲ್ ಫೈಲ್ ಮೂವರ ವಾಟ್ಸಾಪ್‌ಗೂ ಹೋಗುತ್ತದೆ. ಅದರಲ್ಲಿ 240 ಜನರ ಹೆಸರು, ನಂಬರ್, ಯಾರಿಗೆ ಸಾಲ ಬೇಕು ಎನ್ನುವುದೂ ಸೇರಿರುತ್ತದೆ.

ಈ ಲೇಖನ ಆ ಒಂದು ಫೈಲಿನ ಬಗ್ಗೆ. ಅದನ್ನು ಹೇಗೆ ಒಡೆಯಬೇಕು, ಯಾರಿಗೆ ಎಷ್ಟು ಕೊಡಬೇಕು, ಮುಚ್ಚಿದ್ದೇವೆ ಅಂದುಕೊಂಡದ್ದು ಎಲ್ಲೆಲ್ಲಿ ತೆರೆದೇ ಇರುತ್ತದೆ ಎಂದು ಹಂತ ಹಂತವಾಗಿ ನೋಡೋಣ.

ಹಂತ 1: ರಿಪೋರ್ಟ್ ಬೇರೆ, ಲೀಡ್ ಪಟ್ಟಿ ಬೇರೆ

ಎರಡೂ ಒಂದೇ ಖಾತೆಯಿಂದ ಬರುವುದರಿಂದ ಜನ ಎರಡನ್ನೂ ರಿಪೋರ್ಟ್ ಅಂತಲೇ ಕರೆಯುತ್ತಾರೆ. ಆದರೆ ಫೇಸ್‌ಬುಕ್ ಜಾಹೀರಾತು ನಡೆಸುವ ಜಾಗವಾದ ಆಡ್ಸ್ ಮ್ಯಾನೇಜರ್‌ನಿಂದ ಇಳಿಸುವ ರಿಪೋರ್ಟಿನಲ್ಲಿ ಬರೀ ಮೊತ್ತಗಳಿರುತ್ತವೆ. ನಮ್ಮ ಉದಾಹರಣೆಯಲ್ಲಿ ಅದು ಹೀಗಿದೆ: ಜಾಹೀರಾತು 4,20,000 ಸಲ ಕಾಣಿಸಿದೆ, 1,40,000 ಜನರನ್ನು ತಲುಪಿದೆ, 5,600 ಕ್ಲಿಕ್ ಬಿದ್ದಿವೆ, 240 ಲೀಡ್ ಬಂದಿವೆ, ಒಂದು ಲೀಡಿಗೆ 150 ರೂಪಾಯಿ ಆಗಿದೆ. ಇದರಲ್ಲಿ ಯಾವ ಮನುಷ್ಯನೂ ಇಲ್ಲ.

ಲೀಡ್ ಪಟ್ಟಿ ಹಾಗಲ್ಲ. ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಾಲು ಇರುತ್ತದೆ. ಇಳಿಸಿದ ಫೈಲಿನ ಮೇಲ್ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ:

```
id, created_time, ad_id, ad_name, adset_name,
campaign_name, form_name, platform,
(ನಿಮ್ಮ ಪ್ರಶ್ನೆಗಳು), full_name, phone_number
```

ಮೊದಲ ನಿಯಮ ಸುಲಭ. ಹೊರಗೆ ಹೋಗುವ ರಿಪೋರ್ಟಿಗೆ ಮೊದಲ ಫೈಲೇ ಬುನಾದಿ. ಲೀಡ್ ಪಟ್ಟಿಯಿಂದ ಹೆಸರು, ನಂಬರ್ ತೆಗೆಯುತ್ತಾ ಹೋಗಿ ರಿಪೋರ್ಟ್ ಮಾಡಬೇಡಿ. ತೆಗೆಯುವ ದಾರಿಯಲ್ಲಿ ಏನಾದರೂ ಉಳಿದೇ ಉಳಿಯುತ್ತದೆ. ಖಾಲಿ ಹಾಳೆಯಿಂದ ಶುರು ಮಾಡಿ, ಬೇಕಾದ್ದನ್ನು ಮಾತ್ರ ಒಂದೊಂದಾಗಿ ಸೇರಿಸಿ.

ಹಂತ 2: ಕೇಳಿದವರು ಅದರಿಂದ ಏನು ಮಾಡುತ್ತಾರೆ?

ಕಾಲಂ ಆರಿಸುವ ಮುಂಚೆ ಇದನ್ನು ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ.

ಏರಿಯಾ ಮ್ಯಾನೇಜರ್‌ಗೆ ಬೇಕಾದ್ದು ತಮ್ಮ ಕಂಪನಿಯ ದುಡ್ಡು ಜಾಹೀರಾತಿಗೇ ಹೋಯಿತು ಎನ್ನುವುದಕ್ಕೆ ಪುರಾವೆ. ಬಿಲ್, ಒಟ್ಟು ಖರ್ಚು, ಲೀಡ್ ಎಷ್ಟು, ಶೋರೂಮಿಗೆ ಬಂದವರು ಎಷ್ಟು, ಬುಕಿಂಗ್ ಎಷ್ಟು ಎಂದು ಗೊತ್ತಾದರೆ ಅವರ ಕೆಲಸ ಆಯಿತು. ನಮ್ಮ ಲೆಕ್ಕದಲ್ಲಿ 48 ಜನ ಬಂದು ನೋಡಿದ್ದಾರೆ, 12 ಬುಕಿಂಗ್ ಆಗಿದೆ. ಅಂದರೆ ಒಂದು ಬುಕಿಂಗಿಗೆ 3,000 ರೂಪಾಯಿ. ಇದಕ್ಕೆ ಯಾರ ಹೆಸರೂ ಬೇಕಿಲ್ಲ.

ಏಜೆನ್ಸಿಗೆ ಬೇಕಾದ್ದು ಬೇರೆ. ಯಾವ ವಿಡಿಯೋ ಓಡಿತು, ಯಾವುದು ಕೂತಿತು, ಬಂದ ಲೀಡುಗಳಲ್ಲಿ ಎಷ್ಟು ಗಟ್ಟಿ, ಎಷ್ಟು ಸುಮ್ನೆ ಒತ್ತಿದ್ದು ಅಂತ ಅವರಿಗೆ ತಿಳಿಯಬೇಕು. ಅವರಿಗೆ ಜಾಹೀರಾತಿನ ಪ್ರಕಾರ ಲೆಕ್ಕ ಕೊಟ್ಟರೆ ಸಾಕು.

ಫೈನಾನ್ಸ್ ಹುಡುಗನಿಗೆ ನಿಜವಾಗಿ ರಿಪೋರ್ಟೇ ಬೇಡ. "ಲಿಸ್ಟ್ ಒಂದು ಕಳಸ್ರಿ ಸರ, ಲೋನ್ ಬೇಕು ಅಂದವ್ರಿಗೆ ನಾವೇ ಫೋನ್ ಹಚ್ತೀವಿ" ಅಂತಾನೆ. ಅವನು ಕೇಳುತ್ತಿರುವುದು ಗ್ರಾಹಕರನ್ನೇ. ಆ ಮಾತಿಗೆ ಆಮೇಲೆ ಬರುತ್ತೇನೆ.

ಹಂತ 3: ಒಂದೊಂದೇ ಕಾಲಂ ಹಿಡಿದು ನೋಡಿ

ಹೆಸರು, ನಂಬರ್, ಇಮೇಲ್ ಹೋಗಬಾರದು ಅಂತ ಎಲ್ಲರಿಗೂ ಗೊತ್ತು. ತೊಂದರೆ ಮಾಡುವುದು ಉಳಿದ ಕಾಲಂಗಳು.

ಮೊದಲಿಗೆ `id`. ನೋಡಿದರೆ ಉದ್ದನೆಯ ಸಂಖ್ಯೆ, ಯಾರಿಗೂ ಅರ್ಥವಾಗದ್ದು. ಆದರೆ ನಿಮ್ಮ ಪೇಜಿನ ಲೀಡ್ ನೋಡುವ ಅನುಮತಿ ಇರುವವರು ಆ ಸಂಖ್ಯೆ ಹಿಡಿದು ನೇರವಾಗಿ ಆ ಮನುಷ್ಯನ ಹತ್ತಿರ ಹೋಗಬಹುದು. ಸಾಲುಗಳನ್ನು ಗುರುತಿಸಲೇಬೇಕಾದರೆ ನಿಮ್ಮದೇ ಕ್ರಮಸಂಖ್ಯೆ ಕೊಡಿ: ಎಲ್-001, ಎಲ್-002 ಹೀಗೆ. ಕೊಡುವ ಮುಂಚೆ ಸಾಲುಗಳನ್ನು ಕಲಸಿ. ಇಲ್ಲದಿದ್ದರೆ ಬಂದ ಕ್ರಮವೇ ಗುರುತಾಗುತ್ತದೆ. ಯಾವ ಸಂಖ್ಯೆ ಯಾರದ್ದು ಎನ್ನುವ ಪಟ್ಟಿ ಶೋರೂಮ್ ಬಿಟ್ಟು ಹೋಗಬಾರದು.

`created_time` ಸೆಕೆಂಡಿನವರೆಗೆ ಬರೆದಿರುತ್ತದೆ. ಸ್ಕೂಟರ್ ಕಂಪನಿಗೆ ತನ್ನದೇ ವೆಬ್‌ಸೈಟ್, ತನ್ನದೇ ಕಾಲ್ ಸೆಂಟರ್ ಇರುತ್ತದೆ. ಅದೇ ಸಂಜೆ ಅದೇ ಹೊತ್ತಿಗೆ ಅಲ್ಲಿ ವಿಚಾರಿಸಿದವರು ಯಾರು ಎಂದು ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟರೆ ಸಿಕ್ಕಿಬಿಡುತ್ತದೆ. ಆದ್ದರಿಂದ ಹೊತ್ತು ಬೇಡ, ತಾರೀಖೂ ಬೇಡ. ಯಾವ ವಾರ ಅಂತ ಮಾತ್ರ ಕೊಡಿ.

ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಕೊಡೋಣ ಅನ್ನುವುದು ತುಂಬ ಕೇಳಿಬರುವ ಉಪಾಯ. ಯೋಚಿಸಿ ನೋಡಿ. ನಾಲ್ಕು ಅಂಕಿಯಲ್ಲಿ 10,000 ಬಗೆ ಇವೆ. ಫೈನಾನ್ಸ್ ಕಂಪನಿಗೆ ಯಡ್ರಾಮಿ ತಾಲೂಕಿನಲ್ಲಿ ಕೆಲವು ನೂರು ಗ್ರಾಹಕರಿದ್ದರೆ, ಆ ನಾಲ್ಕು ಅಂಕಿ ಹೊಂದುವವರು ಅವರ ಪಟ್ಟಿಯಲ್ಲಿ ಬಹುತೇಕ ಒಬ್ಬರೇ. ಹೆಸರು ಬೇರೆ ಕೇಳಬೇಕಾಗಿಲ್ಲ.

ಸ್ವಲ್ಪ ತಾಂತ್ರಿಕವಾಗಿ ಯೋಚಿಸುವವರು ನಂಬರನ್ನು ಹ್ಯಾಶ್ ಮಾಡಿ ಕಳಿಸೋಣ ಅಂತಾರೆ. ನಂಬರನ್ನು ಒಂದು ಉದ್ದ ಅಕ್ಷರಮಾಲೆಯಾಗಿ ಬದಲಿಸುವುದು ಅದರ ಕೆಲಸ, ಹಿಂದಕ್ಕೆ ತಿರುಗಿಸಲು ಬರುವುದಿಲ್ಲ ಅನ್ನುವುದು ನಂಬಿಕೆ. ಆದರೆ ನಮ್ಮ ಮೊಬೈಲ್ ನಂಬರ್ ಹತ್ತೇ ಅಂಕಿ, ಶುರುವಾಗುವುದು 6ರಿಂದ 9ರೊಳಗೆ. ಅಂದರೆ ಒಟ್ಟು 400 ಕೋಟಿ ಸಾಧ್ಯತೆ. ಅಷ್ಟನ್ನೂ ಹ್ಯಾಶ್ ಮಾಡಿ ಹೊಂದಿಸಿ ನೋಡುವುದು ಇವತ್ತಿನ ಕಂಪ್ಯೂಟರಿಗೆ ದೊಡ್ಡ ಕೆಲಸವಲ್ಲ. ಹ್ಯಾಶ್ ಮಾಡಿದ ನಂಬರನ್ನೂ ನಂಬರ್ ಅಂತಲೇ ಎಣಿಸಿ.

ಇನ್ನು ರಿಮಾರ್ಕ್ಸ್ ಕಾಲಂ. ನನ್ನ ಪ್ರಕಾರ ಇಡೀ ಫೈಲಿನಲ್ಲಿ ಅತಿ ಅಪಾಯದ ಜಾಗ ಇದೇ. ಫೋನ್ ಮಾಡುವ ಹುಡುಗಿಯರು ತಮ್ಮ ನೆನಪಿಗೆ ಬರೆದುಕೊಂಡಿರುತ್ತಾರೆ: "ಸಿಬಿಲ್ ಕಡಿಮೆ, ಹೋದ ವರ್ಷ ರಿಜೆಕ್ಟ್", "ಗಂಡ ಬೇಡ ಅಂತಾರಂತೆ, ಸಂಜೆ ಫೋನ್ ಬೇಡ", "ಶರಣಬಸವೇಶ್ವರ ಗುಡಿ ಹಿಂದಿನ ಮನೆ". ಇದನ್ನು ತಿದ್ದಿ ಶುದ್ಧ ಮಾಡಲು ಕೂರಬೇಡಿ. ಪೂರ್ತಿ ಬಿಟ್ಟುಬಿಡಿ. ಅದರ ಬದಲು ಐದು ಸ್ಥಿತಿ ಇಟ್ಟುಕೊಳ್ಳಿ: ಫೋನ್ ಎತ್ತಲಿಲ್ಲ, ಆಸಕ್ತಿ ಇದೆ, ಬಂದು ನೋಡಿದರು, ಬುಕ್ ಆಯಿತು, ಬೇಡ ಅಂದರು. ಏಜೆನ್ಸಿಗೆ ಗಟ್ಟಿ ಲೀಡ್ ಯಾವುದು ಅಂತ ತಿಳಿಯಲು ಇಷ್ಟು ಸಾಕು.

ಕೊನೆಗೆ ಹೆಸರುಗಳು, ಜನರದ್ದಲ್ಲ, ಕ್ಯಾಂಪೇನಿನವು. ಒಂದೇ ಬಗೆಯ ಜನರಿಗೆ ತೋರಿಸುವ ಜಾಹೀರಾತುಗಳ ಗುಂಪಿಗೆ, ಅಂದರೆ ಆಡ್‌ಸೆಟ್‌ಗೆ, "ಹಳೆ ಗ್ರಾಹಕರು, ಲೋನ್ ರಿಜೆಕ್ಟ್ ಆದವರು" ಅಂತ ಹೆಸರಿಟ್ಟಿದ್ದರೆ ಆ ಹೆಸರು ರಿಪೋರ್ಟಿನ ಪ್ರತಿ ಸಾಲಿನಲ್ಲೂ ಬರುತ್ತದೆ. ಗ್ರಾಹಕರೊಬ್ಬರು ಮಾತಾಡಿದ ವಿಡಿಯೋಗೆ ಅವರ ಹೆಸರನ್ನೇ ಇಟ್ಟಿದ್ದರೆ ಅದೂ ಅಷ್ಟೇ. ಹೊರಗೆ ಕಳಿಸುವ ಪ್ರತಿಯಲ್ಲಿ ವಿಡಿಯೋ 1, ವಿಡಿಯೋ 2, ಗುಂಪು ಅ, ಗುಂಪು ಆ ಎಂದು ಬದಲಿಸಿ.

ಹಂತ 4: ಚಿಕ್ಕ ಸಂಖ್ಯೆಗಳು

ಏರಿಯಾ ಮ್ಯಾನೇಜರ್ ತಾಲೂಕುವಾರು ಲೆಕ್ಕ ಕೇಳಿದರು ಅಂದುಕೊಳ್ಳಿ. ಹೆಸರಿಲ್ಲ, ನಂಬರಿಲ್ಲ, ಬರೀ ಎಣಿಕೆ. ಏನು ತೊಂದರೆ ಅನಿಸುತ್ತದೆ ಅಲ್ವಾ? ನೋಡಿ:

ಕಲಬುರಗಿ 131, ಆಳಂದ 28, ಚಿತ್ತಾಪುರ 24, ಸೇಡಂ 17, ಜೇವರ್ಗಿ 15, ಅಫಜಲಪುರ 11, ಶಹಾಬಾದ 6, ಚಿಂಚೋಳಿ 4, ಕಮಲಾಪುರ 2, ಯಡ್ರಾಮಿ 1, ಕಾಳಗಿ 1.

ಈಗ ಇದರ ಪಕ್ಕ ಕೆಲಸದ ಕಾಲಂ ಸೇರಿಸಿ. ಯಡ್ರಾಮಿಯ ಆ ಒಂದು ಸಾಲು "ಶಿಕ್ಷಕಿ, ಹಳೆ ಗಾಡಿ ಇದೆ, ಲೋನ್ ಬೇಕು" ಎಂದಾಗುತ್ತದೆ. ಆ ಊರಿನ ಕಡೆಯವರು ಯಾರಾದರೂ ನೋಡಿದರೆ, "ಓ, ಅವರಾ" ಅಂದುಬಿಡುತ್ತಾರೆ. ಹೆಸರು ಬರೆಯದೆಯೇ ಒಬ್ಬ ಹೆಣ್ಣುಮಗಳು ಸಾಲ ಹುಡುಕುತ್ತಿದ್ದಾರೆ ಎಂಬ ಸುದ್ದಿ ಹೊರಬಿತ್ತು. ಬೆಂಗಳೂರಿನ ಅಂಕಿಯಲ್ಲಿ ಕರಗಿಹೋಗುವ ಸಾಲು ನಮ್ಮ ಕಡೆಯ ಸಣ್ಣ ತಾಲೂಕಿನಲ್ಲಿ ಕರಗುವುದಿಲ್ಲ.

ಅದಕ್ಕೆ ಒಂದು ಗೆರೆ ಹಾಕಿಕೊಳ್ಳಿ. ನಾನು 10 ಇಟ್ಟುಕೊಳ್ಳುತ್ತೇನೆ. ಕೆಲವರು 5 ಸಾಕು ಅಂತಾರೆ. ಸಾಲದ ವಿಷಯ, ಆರೋಗ್ಯದ ವಿಷಯ ಬಂದಾಗ 10 ಕೂಡ ನನಗೆ ಜಾಸ್ತಿ ಅನಿಸುವುದಿಲ್ಲ. ಗೆರೆಗಿಂತ ಕೆಳಗಿನ ಸಾಲುಗಳನ್ನು ಗುರುತಿಸಲು ಗೂಗಲ್ ಶೀಟ್ಸ್‌ನಲ್ಲಿ ಇಷ್ಟು ಸಾಕು. ಲೀಡ್ ಹಾಳೆಯ ಹೆಸರು `Leads`, ತಾಲೂಕು `H` ಕಾಲಂನಲ್ಲಿದೆ ಅಂದುಕೊಂಡರೆ:

```
=IF(COUNTIF(Leads!H:H,A2)<10,"ಸೇರಿಸು",COUNTIF(Leads!H:H,A2))
```

ಈಗ "ಸೇರಿಸು" ಅಂತ ಬಂದ ಸಾಲುಗಳನ್ನೆಲ್ಲ ಒಂದು ಮಾಡಿ. ನಮ್ಮಲ್ಲಿ ಐದು ತಾಲೂಕು ಸೇರಿ 14 ಆಗುತ್ತದೆ. "ಉಳಿದ 5 ತಾಲೂಕು: 14" ಎಂದು ಒಂದೇ ಸಾಲು.

ಒಂದೇ ಸಾಲನ್ನು ಮುಚ್ಚಿ ಉಳಿದದ್ದನ್ನು ಬಿಟ್ಟರೆ ಮುಚ್ಚಿದ ಹಾಗಾಗುವುದಿಲ್ಲ. ಒಟ್ಟು 240 ಅಂತ ಮೇಲೆ ಬರೆದಿರುತ್ತೀರಿ. ಕಾಣುವ ಸಾಲುಗಳನ್ನು ಕೂಡಿ 240ರಿಂದ ಕಳೆದರೆ ಮುಚ್ಚಿದ್ದು ಹೊರಬರುತ್ತದೆ. ಕಡಿಮೆ ಅಂದರೆ ಎರಡು ಸಾಲು ಸೇರಬೇಕು, ಸೇರಿದ ಮೊತ್ತವೂ ಗೆರೆ ದಾಟಬೇಕು. ಗೆರೆ ದಾಟದಿದ್ದರೆ ಅದರ ಮೇಲಿನ ತಾಲೂಕನ್ನೂ ಎಳೆದು ಸೇರಿಸಿ.

ಇದೇ ಕಳೆಯುವ ಲೆಕ್ಕ ಎರಡು ರಿಪೋರ್ಟುಗಳ ನಡುವೆಯೂ ನಡೆಯುತ್ತದೆ. ಸೋಮವಾರದ ರಿಪೋರ್ಟಿನಲ್ಲಿ ಅಫಜಲಪುರ 10, ಮಂಗಳವಾರ 11. ಎರಡೂ ಗೆರೆಗಿಂತ ಕೆಳಗಿಲ್ಲ, ಆದರೆ ಸೋಮವಾರ ಸಂಜೆ ಒಬ್ಬರು ಬಂದರು ಎಂಬುದು ಗೊತ್ತಾಯಿತು. ಅದಕ್ಕೇ ತಾಲೂಕುವಾರು ಲೆಕ್ಕವನ್ನು ದಿನಾ ಕೊಡುವುದಾಗಲಿ, ತಾನಾಗೇ ಬದಲಾಗುವ ಡ್ಯಾಶ್‌ಬೋರ್ಡಿನಲ್ಲಿ ಇಡುವುದಾಗಲಿ ಬೇಡ. ಕ್ಯಾಂಪೇನ್ ಮುಗಿದ ಮೇಲೆ ಒಮ್ಮೆ ಕೊಡಿ. ದಿನದ ಲೆಕ್ಕ ಬೇಕಾದರೆ ಖರ್ಚು, ಕ್ಲಿಕ್, ಒಟ್ಟು ಲೀಡ್ ಸಾಕು.

ಬುಕಿಂಗ್ ಇರುವುದೇ 12. ಅದನ್ನು ತಾಲೂಕಿಗೆ ಹಂಚಲೇಬೇಡಿ. ಆಡ್ಸ್ ಮ್ಯಾನೇಜರ್‌ನಲ್ಲಿ ವಯಸ್ಸು ಮತ್ತು ಲಿಂಗ ಎರಡನ್ನೂ ಒಟ್ಟಿಗೆ ಒಡೆದಾಗಲೂ ಫಲಿತಾಂಶದ ಕಾಲಂನಲ್ಲಿ 1, 2 ಬರುತ್ತವೆ. ಅಲ್ಲೂ ಇದೇ ಗೆರೆ.

ಹಂತ 5: ಫೈಲ್ ಕಟ್ಟುವಾಗ

ಎಕ್ಸೆಲ್ ಬಳಸುವವರು ಇದನ್ನು ಒಮ್ಮೆ ತಾವೇ ಮಾಡಿ ನೋಡಬೇಕು. ಲೀಡ್ ಪಟ್ಟಿಯಿಂದ ಒಂದು ಪಿವೋಟ್ ಟೇಬಲ್, ಅಂದರೆ ಸಾಲುಗಳನ್ನು ಎಣಿಸಿ ಮೊತ್ತ ತೋರಿಸುವ ಕೋಷ್ಟಕ, ಮಾಡಿ. ಪಟ್ಟಿ ಇದ್ದ ಹಾಳೆಯನ್ನು ಅಳಿಸಿ. ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆಯಿರಿ. ಈಗ ಪಿವೋಟ್‌ನ ಒಟ್ಟು ಮೊತ್ತದ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಹೊಸ ಹಾಳೆ ತೆರೆದು 240 ಸಾಲೂ ವಾಪಸ್ ಬಂದು ಕೂರುತ್ತವೆ, ಹೆಸರು ನಂಬರ್ ಸಮೇತ. ಪಿವೋಟ್ ತನ್ನೊಳಗೆ ಪಟ್ಟಿಯ ಒಂದು ನಕಲು ಇಟ್ಟುಕೊಂಡಿರುತ್ತದೆ, ಅದಕ್ಕೇ ಹೀಗೆ. ಹಾಳೆಯನ್ನು ಹೈಡ್ ಮಾಡುವುದಂತೂ ಮುಚ್ಚುವುದೇ ಅಲ್ಲ, ರೈಟ್ ಕ್ಲಿಕ್ ಮಾಡಿದರೆ ತೆರೆಯುತ್ತದೆ.

ಪರಿಹಾರ ಸರಳ. ಹೊಸ ಖಾಲಿ ವರ್ಕ್‌ಬುಕ್ ತೆರೆಯಿರಿ. ಪಿವೋಟ್‌ನ ಅಂಕಿಗಳನ್ನು ನಕಲು ಮಾಡಿ, ಅಲ್ಲಿ Paste Special ಒಳಗಿನ Values ಆರಿಸಿ ಅಂಟಿಸಿ. ಗ್ರಾಫ್ ಬೇಕಿದ್ದರೆ ಚಿತ್ರವಾಗಿ ಅಂಟಿಸಿ. ಗ್ರಾಫನ್ನು ಹಾಗೇ ವರ್ಡ್ ಅಥವಾ ಪವರ್‌ಪಾಯಿಂಟ್‌ಗೆ ಅಂಟಿಸಿದರೆ ಕೆಲವೊಮ್ಮೆ ಇಡೀ ವರ್ಕ್‌ಬುಕ್ಕೇ ಅದರ ಜೊತೆ ಹೋಗಿಬಿಡುತ್ತದೆ. ಕೊನೆಗೆ File, Info, Check for Issues, Inspect Document ಒಮ್ಮೆ ಓಡಿಸಿ.

ಗೂಗಲ್ ಶೀಟ್ಸ್‌ನಲ್ಲಿ ಕತೆ ಸ್ವಲ್ಪ ಬೇರೆ. ನೋಡುವ ಅನುಮತಿ ಮಾತ್ರ ಕೊಟ್ಟರೂ, ನಕಲು ಮಾಡಿಕೊಳ್ಳಲು ಬಿಟ್ಟಿದ್ದರೆ, ಅವರ ನಕಲಿನಲ್ಲಿ ಹೈಡ್ ಮಾಡಿದ ಹಾಳೆ ತೆರೆಯುತ್ತದೆ. ಕೆಲವರು ಜಾಣತನದಿಂದ ಬೇರೆ ಶೀಟ್ ಮಾಡಿ, ಮೂಲ ಶೀಟಿನಿಂದ ಕಾಲಂ ಎಳೆದು ತರುವ `IMPORTRANGE` ಸೂತ್ರ ಹಾಕುತ್ತಾರೆ. ಆ ಶೀಟನ್ನು ತಿದ್ದುವ ಅನುಮತಿ ಇರುವವರು ಸೂತ್ರದಲ್ಲಿ ಕಾಲಂ ಬದಲಿಸಿದರೆ ಮೂಲ ಶೀಟಿನ ನಂಬರ್ ಕಾಲಂ ಕೂಡ ಬರುತ್ತದೆ. ಇಲ್ಲೂ ಹೊಸ ಫೈಲ್, ಬರೀ ಅಂಕಿ. ಸೂತ್ರ ಬೇಡ.

ಪಿಡಿಎಫ್ ಮಾಡುವವರಿಗೆ ಒಂದು ಮಾತು. ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಕೆಳಗಿನ ಅಕ್ಷರ ಹಾಗೇ ಇರುತ್ತದೆ. ಆಯ್ದು ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಓದಬಹುದು.

ಸ್ಕ್ರೀನ್‌ಶಾಟ್ ಬಗ್ಗೆ ಇನ್ನೂ ಎಚ್ಚರ ಬೇಕು. "ಜಾಹೀರಾತು ಚೆನ್ನಾಗಿ ಓಡಿದೆ ನೋಡಿ" ಅಂತ ಪೋಸ್ಟಿನ ಚಿತ್ರ ತೆಗೆದು ರಿಪೋರ್ಟಿಗೆ ಹಾಕುತ್ತಾರೆ. ಅದರ ಕೆಳಗೆ ಕಾಮೆಂಟುಗಳು: "ರೇಟ್ ಎಷ್ಟ್ರೀ ಅಣ್ಣಾ, ನನ್ ನಂಬರ್ ಇದು", ಮುಂದೆ ಹತ್ತೂ ಅಂಕಿ. ಪಕ್ಕದಲ್ಲಿ ಹೆಸರು, ಫೋಟೋ. ನಮ್ಮ ಕಡೆ ಫಾರ್ಮ್ ತುಂಬುವುದಕ್ಕಿಂತ ಕಾಮೆಂಟಿನಲ್ಲಿ ನಂಬರ್ ಹಾಕುವವರು ಬೇಕಾದಷ್ಟು ಜನ ಸಿಗುತ್ತಾರೆ. ಜಾಹೀರಾತಿನ ಚಿತ್ರ ಬೇಕಾದರೆ ಮೂಲ ಚಿತ್ರವನ್ನೇ ಹಾಕಿ. ಆ ನಂಬರುಗಳನ್ನು ಬರೆದುಕೊಂಡು ಕಾಮೆಂಟನ್ನು ಹೈಡ್ ಮಾಡುವುದೂ ಒಳ್ಳೆಯದು.

ಹಂತ 6: ಫೈಲಿನ ಬದಲು ಅನುಮತಿ ಕೊಡುವಾಗ

ಏಜೆನ್ಸಿಗೆ ಪದೇ ಪದೇ ಫೈಲ್ ಕಳಿಸುವ ಬದಲು ಖಾತೆಗೇ ಸೇರಿಸಿಕೊಳ್ಳುವುದು ರೂಢಿ. ರಿಪೋರ್ಟ್ ಮಾತ್ರ ನೋಡುವವರಿಗೆ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಜಾಹೀರಾತು ಖಾತೆಯಲ್ಲಿ View performance ಸಾಕು. ಜಾಹೀರಾತು ನಡೆಸುವವರಿಗೆ ಅದಕ್ಕಿಂತ ಹೆಚ್ಚು ಬೇಕು, ಕೊಡಿ. ಆದರೆ ಲೀಡ್ ಇಳಿಸುವ ಹಕ್ಕು ಬೇರೆಯದು. ಅದನ್ನು ಬಿಸಿನೆಸ್ ಸೆಟ್ಟಿಂಗ್ಸ್‌ನ Leads access ಎಂಬಲ್ಲಿ ನಿಮ್ಮ ಪೇಜಿಗೆ ಪ್ರತ್ಯೇಕವಾಗಿ ಹೊಂದಿಸಬಹುದು. ಅಲ್ಲಿ ಯಾರ ಹೆಸರಿದೆ ಅಂತ ಇವತ್ತೇ ತೆರೆದು ನೋಡಿ. ಬಿಟ್ಟುಹೋದ ಹಳೆ ಏಜೆನ್ಸಿ ಇನ್ನೂ ಅಲ್ಲೇ ಕೂತಿರುವ ಸಾಧ್ಯತೆ ಇದೆ.

ಗೂಗಲ್ ಆಡ್ಸ್‌ನಲ್ಲಿ Read only ಕೊಟ್ಟರೆ ಖಾತೆಯ ಒಳಗೆ ಬಂದು ನೋಡುತ್ತಾರೆ. Email only ಕೊಟ್ಟರೆ ರಿಪೋರ್ಟ್ ಇಮೇಲಿಗೆ ಬರುತ್ತದೆ, ಒಳಗೆ ಬರಲಾಗುವುದಿಲ್ಲ. ಏರಿಯಾ ಮ್ಯಾನೇಜರ್‌ಗೆ ಎರಡನೆಯದೇ ಸರಿ.

ಪರಿಶೀಲನೆಗೆ ಪಟ್ಟಿ ಬೇಕೇ ಬೇಕು ಅಂದರೆ

ಕಂಪನಿಯವರು ಒಮ್ಮೊಮ್ಮೆ ಪಟ್ಟು ಹಿಡಿಯುತ್ತಾರೆ. ಲೀಡ್ ನಿಜವಾ, ಸುಮ್ನೆ ಬರೆದುಕೊಂಡದ್ದಾ ಅಂತ ನೋಡಬೇಕು ಅಂತಾರೆ. ಅದು ನ್ಯಾಯವಾದ ಪ್ರಶ್ನೆಯೇ. ಅವರಿಗೆ ಎಲ್-001ರಿಂದ ಎಲ್-240ರವರೆಗಿನ ಪಟ್ಟಿ ಕೊಡಿ, ಅದರಲ್ಲಿ ವಾರ ಮತ್ತು ಸ್ಥಿತಿ ಎರಡೇ ಕಾಲಂ ಇರಲಿ. ಅದರಲ್ಲಿ ತಮಗೆ ಬೇಕಾದ ಕೆಲವು ಸಂಖ್ಯೆ ಅವರೇ ಆರಿಸಲಿ. ಶೋರೂಮಿಗೆ ಬಂದಾಗ ನಿಮ್ಮ ಕಂಪ್ಯೂಟರಿನಲ್ಲಿ, ನಿಮ್ಮ ಎದುರಿಗೆ, ಆ ಸಾಲುಗಳನ್ನು ನೋಡಿಕೊಂಡು ಹೋಗಲಿ. ಫೋಟೋ ಬೇಡ, ನಕಲು ಬೇಡ. ಪುರಾವೆಯೂ ಸಿಕ್ಕಿತು, ಪಟ್ಟಿಯೂ ಉಳಿಯಿತು.

ಫೈನಾನ್ಸ್ ಹುಡುಗನಿಗೆ ಹೇಳಬೇಕಾದ್ದು ಬೇರೆ. ಫಾರ್ಮ್ ತುಂಬಿದವರು ನಂಬರ್ ಕೊಟ್ಟದ್ದು ಶೋರೂಮಿಗೆ, ಸ್ಕೂಟರ್ ವಿಚಾರಿಸಲು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೆ ಮಾತ್ರ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ನಿಮ್ಮ ಪರವಾಗಿ ಮಾಹಿತಿ ಮುಟ್ಟುವ ಏಜೆನ್ಸಿ ಇದ್ದರೆ ಅವರ ಜೊತೆ ಬರಹದ ಕರಾರು ಇಟ್ಟುಕೊಳ್ಳಿ. ಅವರ ಕೈಯಲ್ಲಿ ತಪ್ಪಾದರೂ ಕಾಯ್ದೆಯ ಮುಂದೆ ಹೊಣೆ ನಿಮ್ಮದೇ.

ಮುಂದಿನ ಸಲ ಫಾರ್ಮಿನಲ್ಲೇ ಒಂದು ಪ್ರಶ್ನೆ ಸೇರಿಸಿ: "ಸಾಲದ ಬಗ್ಗೆ ಫೈನಾನ್ಸ್ ಕಂಪನಿಯವರು ನಿಮಗೆ ಫೋನ್ ಮಾಡಬಹುದೇ?" ಯಾವ ಕಂಪನಿ ಅಂತ ಹೆಸರು ಹಾಕಿ. ಉತ್ತರ ಮೊದಲೇ ಟಿಕ್ ಆಗಿರಬಾರದು. ಹೌದು ಅಂದವರ ಹೆಸರು, ನಂಬರ್ ಮಾತ್ರ ಅವನಿಗೆ ಹೋಗಲಿ, ಕೆಲಸ, ರಿಮಾರ್ಕ್ಸ್ ಯಾವುದೂ ಬೇಡ. ಈ ಸಲದವರಿಗೆ ನಿಮ್ಮ ಹುಡುಗಿಯರೇ ಫೋನ್ ಮಾಡಿ ಕೇಳಲಿ. ಒಪ್ಪಿದವರನ್ನು ಶೋರೂಮಿಗೆ ಕರೆದು ಅವನ ಟೇಬಲ್ ಮುಂದೆ ಕೂರಿಸಿ. ಅವನಿಗೂ ಅದೇ ಲಾಭ, ಫೋನ್ ಎತ್ತದವರ ಹಿಂದೆ ಓಡುವುದು ತಪ್ಪುತ್ತದೆ.

ಕಳಿಸುವ ಬಟನ್ ಒತ್ತುವ ಮುಂಚೆ

ಫೈಲನ್ನು ಬೇರೆ ಫೋನಿನಲ್ಲಿ ತೆರೆಯಿರಿ. ಲಿಂಕ್ ಆದರೆ ಬ್ರೌಸರಿನ ಇನ್‌ಕಾಗ್ನಿಟೋದಲ್ಲಿ. ಹುಡುಕುವ ಜಾಗದಲ್ಲಿ `+91`, `p:`, `@` ಈ ಮೂರನ್ನೂ ಹಾಕಿ ನೋಡಿ. ಇಳಿಸಿದ ಲೀಡ್ ಪಟ್ಟಿಯಲ್ಲಿ ನಂಬರಿನ ಮುಂದೆ `p:` ಇರುತ್ತದೆ, ಉಳಿದುಕೊಂಡಿದ್ದರೆ ಅದರಿಂದಲೇ ಸಿಕ್ಕಿಬೀಳುತ್ತದೆ. ಯಾವುದಾದರೂ ಸಾಲಿನಲ್ಲಿ 10ಕ್ಕಿಂತ ಕಡಿಮೆ ಅಂಕಿ ಇದೆಯಾ ಕಣ್ಣಾಡಿಸಿ. ಫೈಲಿನ ಹೆಸರಿನಲ್ಲಿ ಯಾರಿಗೆ ಎಂದು ಬರೆಯಿರಿ. ಮೂವರಿಗೆ ಮೂರು ಫೈಲ್ ಇದ್ದಾಗ ವಾಟ್ಸಾಪ್‌ನಲ್ಲಿ ಅದಲು ಬದಲಾಗುವುದು ಇದರಿಂದ ತಪ್ಪುತ್ತದೆ.

ಇಷ್ಟಾದರೂ ತಪ್ಪು ಫೈಲ್ ಹೋದರೆ, ಮೊದಲು ಎಲ್ಲರಿಗೂ ಅಳಿಸುವ ಆಯ್ಕೆ ಬಳಸಿ, ಡ್ರೈವ್ ಲಿಂಕ್ ಆದರೆ ಅನುಮತಿ ತೆಗೆಯಿರಿ. ಆಮೇಲೆ ಪಡೆದವರಿಂದ "ಅಳಿಸಿದ್ದೇವೆ, ಮುಂದೆ ಕಳಿಸಿಲ್ಲ" ಎಂದು ಬರಹದಲ್ಲಿ ತರಿಸಿ. ಯಾವ ಫೈಲ್, ಎಷ್ಟು ಜನರ ವಿವರ, ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆದಿಡಿ. ಕಾಯ್ದೆಯಡಿ ಇಂಥ ಸೋರಿಕೆಯನ್ನು ದತ್ತಾಂಶ ಸಂರಕ್ಷಣಾ ಮಂಡಳಿಗೂ, ಆ ಜನರಿಗೂ ತಿಳಿಸಬೇಕಾಗುತ್ತದೆ. ಆಗ ಮೊದಲು ಕೇಳುವುದು ಈ ಮೂರು ವಿವರಗಳನ್ನೇ.